ಯಾವ ಹಿನ್ನೆಲೆಯಲ್ಲಿ?

ನನ್ನ ಪಿಎಚ್.ಡಿ. ಪ್ರಬಂಧವನ್ನು ಟೈಪ್ ಮಾಡುತ್ತಿದ್ದ ಡಿಟಿಪಿ ಅಂಗಡಿಯ ಹುಡುಗ ಒಂದು ದಿನ ಬಹಳ ವಿನಯದಿಂದ ಹೇಳಿದ: "ಸಾರ್, 'ಈ ಹಿನ್ನೆಲೆಯಲ್ಲಿ' ಅನ್ನೋದಕ್ಕೆ ಶಾರ್ಟ್‌ಕಟ್ ಇಟ್ಕೊಂಡಿದೀನಿ. ಎರಡು ಕೀ ಒತ್ತಿದ್ರೆ ಪೂರ್ತಿ ಬಂದುಬಿಡುತ್ತೆ. ಪಿಎಚ್.ಡಿ.ಯೋರು ಎಲ್ರಿಗೂ ಬೇಕಾಗುತ್ತಲ್ಲ." ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ. ವಿದ್ವತ್ತಿನ ಭಾಷೆ ನನಗೆ ಕೈಹತ್ತಿದೆ, ಅದೂ ಡಿಟಿಪಿಯವನಿಗೆ ಗೊತ್ತಾಗುವಷ್ಟು ಕೈಹತ್ತಿದೆ ಎಂದು ಒಳಗೊಳಗೇ ಬೀಗಿದೆ. ಅದೇ ವಾರ ನನ್ನ ಗೈಡ್ ಮೇಡಂ ಮೂರನೆಯ ಅಧ್ಯಾಯವನ್ನು ವಾಪಸು ಕೊಟ್ಟರು. 'ಈ ಹಿನ್ನೆಲೆಯಲ್ಲಿ' ಎಂದು ಇದ್ದ ಕಡೆಯಲ್ಲೆಲ್ಲ ಅಂಚಿನಲ್ಲಿ ಹಸಿರು ಇಂಕಿನಲ್ಲಿ ಒಂದೇ ಪ್ರಶ್ನೆ: "ಯಾವ ಹಿನ್ನೆಲೆ?"

ಅಧ್ಯಾಯದ ವಿಷಯ ಸರಳವಾಗಿಯೇ ಇತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1911ರವರೆಗೆ ಹಳೆ ಮೈಸೂರಿನ ಕೆರೆಗಳನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬುದು. ಕೆರೆಗಳು ಹಾಳಾದದ್ದು ಮಳೆ ಇಲ್ಲದೆ ಅಲ್ಲ, ಅವುಗಳ ಹೊಣೆ ಯಾರದ್ದು ಎಂಬುದು ತೀರ್ಮಾನವಾಗದೆ ಎಂದು ನಾನು ವಾದಿಸಬೇಕಿತ್ತು. ವಾದ ಪೀಠಿಕೆಯಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಬರುತ್ತಿತ್ತು. ನಡುವಿನ ಎಪ್ಪತ್ತು ಚಿಲ್ಲರೆ ಪುಟಗಳಲ್ಲಿ ಅದು ತಲೆಮರೆಸಿಕೊಂಡಿತ್ತು.

ಆ ನಡುವಿನಲ್ಲಿ ಆರು ಭಾಗ. ಮೊದಲನೆಯದು ಶಾಸನಗಳದ್ದು: ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಬಿಟ್ಟುಕೊಡುತ್ತಿದ್ದ ಕಟ್ಟುಕೊಡಗೆ ಭೂಮಿಯ ಕಥೆ. ಇದಕ್ಕೆ ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳೇ ಆಧಾರ. ಎರಡನೆಯದು ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿಯದು. ಮೂರನೆಯದು 1876–78ರ ದೊಡ್ಡ ಬರಗಾಲ. ನಾಲ್ಕನೆಯದು ಲೋಕೋಪಯೋಗಿ ಇಲಾಖೆ, ಐದನೆಯದು ಮದ್ರಾಸಿನೊಂದಿಗೆ ಮೈಸೂರು ಮಾಡಿಕೊಂಡ 1892ರ ಒಪ್ಪಂದ, ಆರನೆಯದು 1911ರ ಕೆರೆ ಪಂಚಾಯ್ತಿ ಕಾನೂನು. ಆರೂ ಭಾಗಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ವಿಚಾರ ಸಂಕಿರಣಗಳಿಗೆ ಬರೆದು ಓದಿದ ಲೇಖನಗಳು. ಹಾಗಾಗಿ ಪ್ರತಿ ಭಾಗವೂ ಸಭೆಗೆ ನಮಸ್ಕಾರ ಹೇಳುತ್ತ ಒಳಗೆ ಬಂದು, ವಂದನೆ ಸಲ್ಲಿಸಿ ಹೊರಗೆ ಹೋಗುತ್ತಿತ್ತು. ಹತ್ತಿಪ್ಪತ್ತು ಪುಟಕ್ಕೊಮ್ಮೆ "ಭಾರತ ಕೃಷಿ ಪ್ರಧಾನ ದೇಶ" ಎಂದು ಓದುಗರಿಗೆ ನೆನಪು ಮಾಡಲಾಗುತ್ತಿತ್ತು.

"ಭಾಗ ಭಾಗಕ್ಕೂ ಕೊಂಡಿ ಇಲ್ಲ ಕಣ್ರೀ," ಎಂದರು ಮೇಡಂ. "ಒಂದು ಮುಗಿಯುತ್ತೆ, ಇನ್ನೊಂದು ಶುರುವಾಗುತ್ತೆ. ಯಾಕೆ ಶುರುವಾಯ್ತು ಅಂತ ನನಗೆ ಗೊತ್ತಾಗಬೇಕಲ್ಲ."

ಕೊಂಡಿ ತಾನೇ ಬೇಕು? ಕಾಲೇಜಿನ ಗ್ರಂಥಾಲಯದಲ್ಲಿ ಪ್ರಬಂಧ ರಚನೆಯ ಪುಸ್ತಕವೊಂದನ್ನು ಹುಡುಕಿ ತೆಗೆದೆ. ಅದರ ಹಿಂಭಾಗದಲ್ಲಿ ಸಂಬಂಧಸೂಚಕ ಪದಗಳ ಪಟ್ಟಿ ಇತ್ತು: ಹೀಗಾಗಿ, ಆದ್ದರಿಂದ, ಅಷ್ಟೇ ಅಲ್ಲದೆ, ಈ ನಿಟ್ಟಿನಲ್ಲಿ, ತತ್ಪರಿಣಾಮವಾಗಿ. 'ಈ ಹಿನ್ನೆಲೆಯಲ್ಲಿ' ಇದ್ದ ಜಾಗಗಳಿಗೆ ಇವನ್ನು ಒಂದೊಂದಾಗಿ ಹಂಚಿದೆ. ಹಂಚಿಕೆಯಲ್ಲಿ ಪಕ್ಷಪಾತ ಆಗಬಾರದೆಂದು ಯಾವುದೂ ಪಕ್ಕ ಪಕ್ಕದಲ್ಲಿ ಎರಡು ಸಲ ಬಾರದಂತೆ ನೋಡಿಕೊಂಡೆ. ಎರಡನೆಯ ಮತ್ತು ಮೂರನೆಯ ಭಾಗಗಳ ನಡುವೆ 'ಹೀಗಾಗಿ'ಯ ಸರದಿ ಬಂತು. ಫಲಿತಾಂಶ ಹೀಗಿತ್ತು:

"ಒಟ್ಟಿನಲ್ಲಿ ನೀರಗಂಟಿಯು ಗ್ರಾಮಜೀವನದ ಅವಿಭಾಜ್ಯ ಅಂಗವಾಗಿದ್ದನು. ಹೀಗಾಗಿ 1876ರಲ್ಲಿ ಮೈಸೂರು ಸಂಸ್ಥಾನವು ಭೀಕರ ಬರಗಾಲಕ್ಕೆ ತುತ್ತಾಯಿತು."

ಮೇಡಂ ಇದನ್ನು ಗಟ್ಟಿಯಾಗಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಪಾಪ, ಆ ನೀರಗಂಟಿ ಏನು ಮಾಡಿದ್ದ ನಿಮಗೆ?" ಎಂದು ಕೇಳಿದರು.

ಈ ಅನಾಹುತದಿಂದ ಒಂದು ವಿಷಯ ತಿಳಿಯಿತು. 'ಹೀಗಾಗಿ', 'ಆದರೆ', 'ಅಲ್ಲದೆ' ಇವೆಲ್ಲ ಸಂಬಂಧವನ್ನು ಹುಟ್ಟಿಸುವುದಿಲ್ಲ, ಇರುವ ಸಂಬಂಧಕ್ಕೆ ಹೆಸರು ಹೇಳುತ್ತವೆ ಅಷ್ಟೆ. ಇಲ್ಲದ ಸಂಬಂಧಕ್ಕೆ ಹೆಸರಿಟ್ಟರೆ ಅದು ಸುಳ್ಳು ಸಾಕ್ಷಿ. ಅದಕ್ಕೇ 'ಈ ಹಿನ್ನೆಲೆಯಲ್ಲಿ' ಸಂಶೋಧಕರಿಗೆಲ್ಲ ಪ್ರಿಯವಾದದ್ದು. ಅದು ಯಾವ ಸಂಬಂಧವನ್ನೂ ಹೇಳುವುದಿಲ್ಲವಾದ್ದರಿಂದ ಸಿಕ್ಕಿಬೀಳುವ ಭಯವೂ ಇಲ್ಲ.

ಎರಡನೆಯ ಸಲ ಪದಗಳನ್ನು ಬಿಟ್ಟು ಪ್ಯಾರಾಗಳನ್ನೇ ಹಿಡಿದೆ. ಪ್ರತಿ ಭಾಗದ ಕೊನೆಗೆ "ಈ ಭಾಗದಲ್ಲಿ ಇದನ್ನು ನೋಡಿದೆವು, ಮುಂದಿನ ಭಾಗದಲ್ಲಿ ಅದನ್ನು ನೋಡಲಿದ್ದೇವೆ" ಎಂದು ಬರೆದೆ. ಮುಂದಿನ ಭಾಗದ ಮೊದಲಿಗೆ "ಹಿಂದಿನ ಭಾಗದಲ್ಲಿ ಅದನ್ನು ನೋಡಿದೆವು, ಈ ಭಾಗದಲ್ಲಿ ಇದನ್ನು ನೋಡೋಣ" ಎಂದು ಬರೆದೆ. ಅಧ್ಯಾಯ ಏಳೆಂಟು ಪುಟ ಬೆಳೆಯಿತು. ನನಗೆ ಅದೊಂದು ಹೆಚ್ಚಿನ ಲಾಭವಾಗಿಯೇ ಕಂಡಿತು. ಮೇಡಂಗೆ ಮಾತ್ರ ಅದು ಬಸ್ಸಿನಲ್ಲಿ ಕಂಡಕ್ಟರು ಸ್ಟಾಪು ಕೂಗಿದ ಹಾಗೆ ಕೇಳಿಸಿತಂತೆ. "ಮುಂದೆ ಬರಗಾಲ, ಇಳಿಯೋರು ಇಳೀರಿ ಅಂತೀರಿ. ಬರಗಾಲದ ಊರಿಗೆ ಈ ಬಸ್ಸು ಯಾಕೆ ಹೋಗುತ್ತೆ ಅಂತ ಹೇಳಲ್ಲ." ಇಂಥ ಸೂಚನೆ ಅಧ್ಯಾಯದ ಆರಂಭದಲ್ಲಿ ಒಮ್ಮೆ ಇದ್ದರೆ ಓದುಗನಿಗೆ ಉಪಕಾರ. ಪ್ರತಿ ತಿರುವಿನಲ್ಲೂ ಇದ್ದರೆ, ಬರೆದವನಿಗೇ ದಾರಿ ಗೊತ್ತಿಲ್ಲ ಎಂಬ ಅನುಮಾನ ಬರುತ್ತದೆ. ನನ್ನ ವಿಷಯದಲ್ಲಿ ಅನುಮಾನ ನಿಜವೇ ಆಗಿತ್ತು.

ಆಗ ಅವರು ಒಂದು ಕೆಲಸ ಹೇಳಿಕೊಟ್ಟರು. ಬರೆದು ಮುಗಿಸಿದ ಅಧ್ಯಾಯದ ಪ್ರತಿ ಪ್ಯಾರಾ ಏನು ಹೇಳುತ್ತದೆ ಎಂಬುದನ್ನು ಒಂದೊಂದು ಚೀಟಿಯ ಮೇಲೆ ಒಂದೇ ವಾಕ್ಯದಲ್ಲಿ ಬರೆಯಬೇಕು. "ನೀರಗಂಟಿಯ ಬಗ್ಗೆ" ಎಂದು ಬರೆದರೆ ಸಾಲದು, ಅದು ಬರೀ ವಿಷಯ. "ನೀರಗಂಟಿಗೆ ಕೂಲಿ ಸಿಗುತ್ತಿದ್ದದ್ದು ಬೆಳೆಯ ಪಾಲಿನಿಂದ" ಎಂದು ಪೂರ್ತಿ ವಾಕ್ಯ ಬೇಕು. ಆಮೇಲೆ ಚೀಟಿಗಳನ್ನು ಸಾಲಾಗಿ ಇಟ್ಟು, ಎರಡೆರಡರ ನಡುವೆ 'ಆದ್ದರಿಂದ' ಅಥವಾ 'ಆದರೆ' ಎಂದು ಹೇಳಿ ನೋಡಬೇಕು. ಯಾವುದಾದರೂ ಒಂದು ಒಪ್ಪಿದರೆ ವಾದ ನಡೆಯುತ್ತಿದೆ ಎಂದರ್ಥ. ಬರೀ 'ಆಮೇಲೆ' ಮಾತ್ರ ಒಪ್ಪಿದರೆ ನೀವು ಕಥೆ ಹೇಳುತ್ತಿದ್ದೀರಿ. ಅದೂ ಒಪ್ಪದಿದ್ದರೆ ದೇವರೇ ಗತಿ.

ನಮ್ಮ ಮನೆಯ ನಡುಮನೆಯ ನೆಲದ ಮೇಲೆ ಚೀಟಿಗಳನ್ನು ಹರಡಿದೆ. ಗೋಡೆಯಿಂದ ಗೋಡೆಗೆ ಹಳೆ ಮೈಸೂರು ಮಲಗಿತ್ತು. ಈ ಮಹತ್ಕಾರ್ಯ ನಡೆಯುತ್ತಿದ್ದಾಗ ಅತ್ತೆಯವರು ಒಳಗೆ ಬಂದು, "ಅಯ್ಯೋ, ಸೆಕೆಯಲ್ಲಿ ಕೂತಿದೀರಲ್ಲ," ಎಂದು ಮರುಕದಿಂದ ಫ್ಯಾನ್ ಹಾಕಿದರು. 1892ರ ಒಪ್ಪಂದ ಸೋಫಾದ ಕೆಳಗೆ ಹೋಯಿತು. ಬರಗಾಲ ಅಡುಗೆಮನೆ ಸೇರಿತು.

ಹೆಂಡತಿ, ಮಗಳು, ನಾನು ಸೇರಿ ಚೀಟಿಗಳನ್ನು ಆಯ್ದೆವು. ಪುಟಸಂಖ್ಯೆ ಹಾಕಿರಲಿಲ್ಲ. ಪರವಾಗಿಲ್ಲ, ನಾನೇ ಬರೆದದ್ದಲ್ಲವೇ, ಓದಿದರೆ ಯಾವುದರ ನಂತರ ಯಾವುದು ಎಂದು ಗೊತ್ತಾಗುತ್ತದೆ ಎಂದುಕೊಂಡು ಜೋಡಿಸಲು ಕೂತೆ. ಗೊತ್ತಾಗಲಿಲ್ಲ. ಕಟ್ಟುಕೊಡಗೆಯ ಚೀಟಿಗಳು ಎಲ್ಲಿ ಬೇಕಾದರೂ ಕೂರುತ್ತಿದ್ದವು. ನೀರಗಂಟಿ ಮೊದಲೂ ಬರಬಹುದಿತ್ತು, ಕೊನೆಗೂ ಬರಬಹುದಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಹೆಂಡತಿ ತಾನೊಂದು ಸಾಲು ಜೋಡಿಸಿ, "ರೀ, ಹೀಗೂ ಓದಬಹುದಲ್ಲ? ಏನೂ ವ್ಯತ್ಯಾಸ ಕಾಣಿಸ್ತಿಲ್ಲ," ಎಂದಳು. ಮೂರು ವರ್ಷದ ಸಂಶೋಧನೆಗೆ ಅದಕ್ಕಿಂತ ಕ್ರೂರವಾದ ವಿಮರ್ಶೆಯನ್ನು ಯಾವ ಪರೀಕ್ಷಕರೂ ಬರೆಯಲಾರರು. ಪ್ಯಾರಾಗಳನ್ನು ಕಲಸಿಬಿಟ್ಟರೆ ಬರೆದವನೇ ಮತ್ತೆ ಜೋಡಿಸಲಾರ ಎಂದಾದರೆ, ಮೊದಲಿದ್ದ ಕ್ರಮಕ್ಕೆ ಕಾರಣವೇ ಇರಲಿಲ್ಲ. ನನ್ನ ಕ್ರಮ ಯಾವುದೆಂದರೆ ಸಂಕಿರಣಗಳು ನಡೆದ ಕ್ರಮ.

ಇಲ್ಲೂ ನನ್ನ ಚುರುಕುತನ ಅಡ್ಡ ಬಂತು. ಕ್ರಮವನ್ನು ಸರಿಪಡಿಸುವ ಮೊದಲೇ ಕೊಂಡಿಗಳನ್ನು ಹೊಸೆಯಲು ಕೂತೆ. ನೀರಗಂಟಿಯಿಂದ ಬರಗಾಲಕ್ಕೆ ಹೋಗುವ ದಾರಿ ಆ ಕೂಲಿಯ ಚೀಟಿಯಲ್ಲಿಯೇ ಇತ್ತು. ಅವನಿಗೆ ಸಂಬಳವಿಲ್ಲ, ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಕಾಳು ಅಳೆದುಕೊಡುತ್ತಿದ್ದರು. ಆದ್ದರಿಂದ ಎರಡನೆಯ ಭಾಗದ ಕೊನೆಗಿದ್ದ 'ಅವಿಭಾಜ್ಯ ಅಂಗ'ವನ್ನು ಹೊಡೆದುಹಾಕಿ, "ನೀರಗಂಟಿಯ ಬದುಕು ಕಣದ ಮೇಲೆ ನಿಂತಿತ್ತು" ಎಂದು ಬರೆದೆ. ಮೂರನೆಯ ಭಾಗವನ್ನು "1876ರಲ್ಲಿ ಕಣಗಳು ಬರಿದಾದವು" ಎಂದು ಆರಂಭಿಸಿದೆ. ಒಂದು ವಾಕ್ಯ ಎಲ್ಲಿ ಮುಗಿಯಿತೋ ಅಲ್ಲಿಂದ ಮುಂದಿನದು ಎದ್ದಿತು. ಓದುಗನಿಗೆ ಗೊತ್ತಿರುವ ಕಣವನ್ನು ಮೊದಲು ಹೇಳಿ, ಗೊತ್ತಿಲ್ಲದ ಬರಗಾಲವನ್ನು ಆಮೇಲೆ ತಂದಿದ್ದೆ. ಯಾವ ಸಂಬಂಧಸೂಚಕವೂ ಬೇಕಾಗಿರಲಿಲ್ಲ. ನನ್ನ ಜೀವಮಾನದಲ್ಲಿ ಬರೆದ ಅತ್ಯುತ್ತಮ ಎರಡು ವಾಕ್ಯಗಳು ಇವು ಎಂದು ಹೆಂಡತಿಗೂ ಹೇಳಿದೆ.

ಮೇಡಂ ತಲೆದೂಗಿದರು. ಆಮೇಲೆ ನಾಲ್ಕನೆಯ ಭಾಗಕ್ಕೆ ಪುಟ ತಿರುಗಿಸಿ, "ಲೋಕೋಪಯೋಗಿ ಇಲಾಖೆ ಶುರುವಾದದ್ದು ಯಾವಾಗ?" ಎಂದರು.

"1856, ಮೇಡಂ."

"ಎಂಜಿನಿಯರ್ ಸ್ಯಾಂಕಿ ಕೆರೆಗಳ ಬಗ್ಗೆ ಬರೆದದ್ದು?"

"1860ರ ದಶಕ."

"ಬರಗಾಲ?"

ನಾನು ಉತ್ತರಿಸಲಿಲ್ಲ. ಇಪ್ಪತ್ತು ವರ್ಷ ಮೊದಲೇ ಹುಟ್ಟಿದ ಇಲಾಖೆಯನ್ನು ಬರಗಾಲದ ಹಿಂದೆ ಬಚ್ಚಿಟ್ಟಿದ್ದೆ. ಅದನ್ನು ಮುಂದೆ ತಂದರೆ ನೀರಗಂಟಿಗೂ ಬರಗಾಲಕ್ಕೂ ನಡುವೆ ಅದು ಬಂದು ಕೂರುತ್ತದೆ, ನನ್ನ ಅತ್ಯುತ್ತಮ ಎರಡು ವಾಕ್ಯಗಳು ಹದಿಮೂರು ಪುಟ ದೂರ ದೂರ ಆಗುತ್ತವೆ. ಬರೀ ಇಸವಿಯ ಪ್ರಶ್ನೆಯಾಗಿದ್ದರೆ ಜಗಳವಾಡುತ್ತಿದ್ದೆ, ಏಕೆಂದರೆ ವಾದ ಕೇಳಿದರೆ ಇಸವಿಗಳನ್ನು ಹಿಂದೆ ಮುಂದೆ ಮಾಡಬಹುದು. ಆದರೆ ನನ್ನ ವಾದವೇ ಹೊಣೆ ಹರಿದುಹಂಚಿಹೋದದ್ದರಿಂದ ಕೆರೆಗಳು ಹಾಳಾದವು ಎಂದು. ಆ ಹೊಣೆ ಬರಗಾಲಕ್ಕಿಂತ ಮೊದಲೇ ಹರಿದಿತ್ತು ಎಂದು ತೋರಿಸದೆ ಬರಗಾಲಕ್ಕೆ ಹೋದರೆ, ಕೆರೆ ಹಾಳಾದದ್ದು ಮಳೆಯಿಲ್ಲದೆ ಎಂದು ಓದುಗ ತೀರ್ಮಾನ ಮಾಡಿಬಿಡುತ್ತಾನೆ. ಎಷ್ಟು ನಯವಾಗಿ ಬೆಸೆದಿದ್ದೆನೆಂದರೆ, ನನ್ನ ವಾದದ ವಿರುದ್ಧ ಸಾಕ್ಷಿಯನ್ನು ಸಲೀಸಾಗಿ ಒಳಗೆ ಬಿಟ್ಟುಕೊಂಡಿದ್ದೆ.

ಮನಸ್ಸಿಲ್ಲದ ಮನಸ್ಸಿನಿಂದ ಇಲಾಖೆಯನ್ನು ಮುಂದೆ ತಂದೆ. ಈಗ ಎರಡು ಕೊಂಡಿ ಬೇಕಾದವು. ನೀರಗಂಟಿಯಿಂದ ಇಲಾಖೆಗೆ ಹೋಗುವುದು ಅಷ್ಟೇನೂ ಕಷ್ಟವಾಗಲಿಲ್ಲ. ಅವನ ಅಧಿಕಾರ ತೂಬಿನ ಹತ್ತಿರ ಮುಗಿಯುತ್ತಿತ್ತು, ಒಡೆದ ಏರಿಯನ್ನು ಕಟ್ಟಿಸುವುದು ಅವನೊಬ್ಬನ ಕೈಲಾಗುವ ಕೆಲಸವಲ್ಲ. ಹಾಗಾದರೆ ಏರಿ ಯಾರದ್ದು? ಈ ಪ್ರಶ್ನೆಗೆ ಹೊಸ ಉತ್ತರವಾಗಿ ಇಲಾಖೆ ಬಂತು. ಅಲ್ಲಿಂದ ಸ್ಯಾಂಕಿ ಸಾಹೇಬರ ಮಾತು ತಾನಾಗಿ ಕೂತಿತು. ಮೈಸೂರು ಸೀಮೆಯ ನೆಲದಲ್ಲಿ ಶೇ. 60ರ ಸಮೀಪದಷ್ಟು ಆಗಲೇ ಕೆರೆಗಳ ಏರ್ಪಾಡಿಗೆ ಸೇರಿಹೋಗಿದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬುದು ಅವರ ಅಭಿಪ್ರಾಯ. ಹಾಗಿದ್ದರೆ ಮುಖ್ಯ ಪ್ರಶ್ನೆ ಕಟ್ಟುವುದರದ್ದಲ್ಲ, ನೋಡಿಕೊಳ್ಳುವುದರದ್ದು. ಮೊದಲಿನ ಕರಡಿನಲ್ಲಿ ಈ ಮಾತು ಸ್ಯಾಂಕಿಯವರ ಕಿರುಪರಿಚಯದ ಜೊತೆಗೆ ಅಡಿಟಿಪ್ಪಣಿಯಲ್ಲಿ ಕೊಳೆಯುತ್ತಿತ್ತು. ಅಡಿಟಿಪ್ಪಣಿಯಲ್ಲಿ ನಾನು ಬಚ್ಚಿಟ್ಟದ್ದೆಲ್ಲ ಮುಖ್ಯವಾದದ್ದೇ ಎಂದು ಆಗ ಗೊತ್ತಿರಲಿಲ್ಲ.

ಇಲಾಖೆಯಿಂದ ಬರಗಾಲಕ್ಕೆ ಹೋಗುವಾಗ ನನ್ನ ಪ್ರೀತಿಯ ಕಣವನ್ನು ಮತ್ತೆ ತರಲೇಬೇಕಿತ್ತು. ತಂದೆ: "ಇಲಾಖೆಯವರಿಗೆ ಸಂಬಳ ಬರುತ್ತಿದ್ದದ್ದು ಖಜಾನೆಯಿಂದ, ನೀರಗಂಟಿಗೆ ಕೂಲಿ ಬರುತ್ತಿದ್ದದ್ದು ಕಣದಿಂದ." ಮುಂದಿನ ಭಾಗ: "1876ರಲ್ಲಿ ಕಣಗಳು ಬರಿದಾದವು." ಒಪ್ಪಿಕೊಳ್ಳಲು ಬೇಜಾರಾದರೂ ಮೊದಲಿನದಕ್ಕಿಂತ ಇದು ಚೆನ್ನಾಗಿತ್ತು. ಕೆರೆಯನ್ನು ನೋಡಿಕೊಳ್ಳುವ ಇಬ್ಬರಲ್ಲಿ ಬರಗಾಲ ಯಾರನ್ನು ಮೊದಲು ಹೊಡೆಯುತ್ತದೆ ಎಂಬುದು ಒಂದೇ ವಾಕ್ಯದಿಂದ ತಿಳಿಯುತ್ತಿತ್ತು. ಮೇಡಂ ಅಂಚಿನಲ್ಲಿ ಏನೂ ಬರೆಯಲಿಲ್ಲ. ಅವರ ಭಾಷೆಯಲ್ಲಿ ಅದು ಶಹಬ್ಬಾಸ್‌ಗಿರಿ.

ಇನ್ನು 1892ರ ಒಪ್ಪಂದ. ನಿಜ ಹೇಳಬೇಕೆಂದರೆ ಅದು ಅಧ್ಯಾಯದಲ್ಲಿ ಇದ್ದದ್ದು ನನಗೆ ಅದು ಇಷ್ಟ ಎಂಬ ಒಂದೇ ಕಾರಣಕ್ಕೆ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಕೂತು ಆ ಕಾಲದ ಕಡತಗಳ ಧೂಳು ಕುಡಿದಿದ್ದೆ, ಕುಡಿದ ಧೂಳಿಗೆ ಪ್ರತಿಫಲ ಬೇಡವೇ? ಅದರ ಮುಖ್ಯ ಮಾತು ನದಿಗಳದ್ದು: ಪಟ್ಟಿಯಲ್ಲಿ ಹೆಸರಿಸಿದ ನದಿ, ಹಳ್ಳ, ಜಲಾನಯನ ಪ್ರದೇಶಗಳಲ್ಲಿ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು. ಕೆರೆಯ ಹೂಳೆತ್ತುವ ವಿಷಯಕ್ಕೂ ಇದಕ್ಕೂ ಏನು ನಂಟು? ನಂಟು ಕಲ್ಪಿಸಲು ಸಂಸ್ಥಾನವನ್ನು 1881ರಲ್ಲಿ ಒಡೆಯರಿಗೆ ಮರಳಿ ಒಪ್ಪಿಸಿದ್ದರಿಂದ ಆರಂಭಿಸಿ, ದಿವಾನರುಗಳನ್ನೆಲ್ಲ ಮಾತಾಡಿಸಿಕೊಂಡು, ಕಾವೇರಿಯ ಉಗಮದವರೆಗೂ ಹೋಗಿ ಬಂದು ಎರಡೂವರೆ ಪುಟದ ಕೊಂಡಿ ಬರೆದೆ.

"ಎರಡು ಭಾಗ ಸೇರಿಸೋಕೆ ಒಂದು ಪುಟಕ್ಕಿಂತ ಹೆಚ್ಚು ಬೇಕಾದ್ರೆ," ಎಂದರು ಮೇಡಂ, "ಒಂದೋ ನಡುವೆ ಇನ್ನೊಂದು ಭಾಗ ಬಿಟ್ಟುಹೋಗಿದೆ, ಇಲ್ಲಾ ಇದು ಇಲ್ಲಿರಬೇಕಾದ್ದೇ ಅಲ್ಲ. ನಾಲ್ಕನೇ ಅಧ್ಯಾಯಕ್ಕೆ ಕಳಿಸಿ."

ಕಳಿಸಲು ಮನಸ್ಸು ಬರಲಿಲ್ಲ. ಕೊನೆಯ ಸಲ ನೋಡಿಬಿಡೋಣವೆಂದು ಒಪ್ಪಂದದ ಪ್ರತಿಯನ್ನು ತೆರೆದೆ. ಹೊಸ ಜಲಾಶಯ ಎಂದರೆ ಏನು ಎಂದು ಅವರು ವಿವರಿಸಿದ್ದ ಜಾಗದಲ್ಲಿ ನಾನು ಓದಿಯೂ ಓದದೆ ಬಿಟ್ಟಿದ್ದ ಮಾತೊಂದಿತ್ತು. ಹಿಂದೆ ಇಲ್ಲದ್ದು ಮಾತ್ರ ಹೊಸದಲ್ಲ, ಹಿಂದೊಮ್ಮೆ ಇದ್ದು ಪಾಳುಬಿದ್ದು, 1891ರ ಜೂನ್‌ಗೆ ಮೊದಲೇ 30 ವರ್ಷಕ್ಕಿಂತ ಹೆಚ್ಚು ಕಾಲ ಬಳಕೆಯಿಲ್ಲದೆ ಹೋಗಿದ್ದದ್ದೂ ಹೊಸದರ ಲೆಕ್ಕವೇ! ನಾನು ಕುರ್ಚಿಯಿಂದ ಎದ್ದೆ. ಕೆರೆಯ ನಿರ್ವಹಣೆ ತಪ್ಪಿದರೆ ಗದ್ದೆ ಒಣಗುತ್ತದೆ ಅಷ್ಟೇ ಅಲ್ಲ, ಹೀಗೆ ಆಗಲೇ 30 ವರ್ಷಕ್ಕೂ ಹೆಚ್ಚು ಕಾಲ ಪಾಳುಬಿದ್ದಿದ್ದ ಕೆರೆ ಕಾಗದದ ಮೇಲೂ ಸತ್ತುಹೋಗಿತ್ತು, ಅದನ್ನು ಎಬ್ಬಿಸಲು ಪಕ್ಕದ ಸರ್ಕಾರದ ಅಪ್ಪಣೆ ಬೇಕಾಗಿತ್ತು. ಬರಗಾಲದ ಭಾಗದ ಕೊನೆಯಲ್ಲಿ ನಾನು ಜನಗಣತಿಯ ಅಂಕಿ ಕೊಟ್ಟಿದ್ದೆ: 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷ. ಏರಿಗೆ ಮಣ್ಣು ಹೊರುವ ಕೈಗಳೇ ಕಡಿಮೆಯಾದ ಮೇಲೆ ಹಳೆಯ ಪಾಳುಕೆರೆಗಳನ್ನು ಎಬ್ಬಿಸುವವರು ಯಾರು! ಎರಡೂವರೆ ಪುಟ ಹರಿದುಹಾಕಿ ಎರಡೇ ಸಾಲು ಬರೆದೆ: "ಬರದಲ್ಲಿ ಎಬ್ಬಿಸುವ ಕೈಗಳಿಲ್ಲದೆ ಉಳಿದ ಪಾಳುಕೆರೆಗಳಿಗೆ 1892ರಲ್ಲಿ ಕಾಗದದ ತಡೆಯೂ ಬಂತು. ಅಷ್ಟರಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ಕೈಬಿಟ್ಟಿದ್ದ ಮೈಸೂರಿನ ಯಾವ ಕೆರೆಯೂ ಮದ್ರಾಸಿನ ಒಪ್ಪಿಗೆಯಿಲ್ಲದೆ ಮತ್ತೆ ಏಳುವಂತಿರಲಿಲ್ಲ."

ಎಂಥ ವಾಕ್ಯ! ಫೋನಿನಲ್ಲೇ ಮೇಡಂಗೆ ಓದಿ ಹೇಳಿದೆ.

"ಯಾವ ಕೆರೆಯೂ ಅಂದ್ರೆ? ಪಟ್ಟಿಯಲ್ಲಿಲ್ಲದ ಹಳ್ಳದ ಕೆರೆಗೆ ಮದ್ರಾಸಿನೋರನ್ನ ಯಾಕೆ ಕೇಳ್ಬೇಕು?"

ವಾಕ್ಯ ಸಲೀಸಾಗಿ ಹರಿಯಲೆಂದು ಒಪ್ಪಂದದ ಎಲ್ಲೆಯನ್ನು ಇಡೀ ಸಂಸ್ಥಾನಕ್ಕೆ ಹಿಗ್ಗಿಸಿದ್ದೆ. "ಪಟ್ಟಿಯೊಳಗಿನ ಪ್ರದೇಶಗಳಲ್ಲಿ" ಎಂದು ಸೇರಿಸಿದೆ. ವಾಕ್ಯ ಸ್ವಲ್ಪ ಕುಂಟಿತು, ಕುಂಟಲಿ. ಆರನೆಯ ಭಾಗಕ್ಕೆ ಹೋಗುವಾಗ ಇದೇ ರೋಗ ಮರುಕಳಿಸಿತು. "ಹೊಸ ಜಲಾಶಯಗಳನ್ನು ಕಟ್ಟುವಂತಿರಲಿಲ್ಲ, ಆದ್ದರಿಂದ ಸರ್ಕಾರವು ಹಳೆಯ ಕೆರೆಗಳ ಹೊಣೆಯನ್ನು ಊರವರಿಗೆ ಒಪ್ಪಿಸಲು 1911ರ ಕಾನೂನು ತಂದಿತು" ಎಂದು ಬರೆದೆ. ಹರಿವು ಎಂದರೆ ಹರಿವು. ಹಸಿರು ಇಂಕಿನಲ್ಲಿ ಒಂದೇ ಪದ ಬಂತು: "ಮಾರಿಕಣಿವೆ?" 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ, ನನ್ನ ಈ 'ಕಟ್ಟುವಂತಿರಲಿಲ್ಲ'ದ ನಟ್ಟನಡುವೆ ಎದ್ದು ನಿಂತಿತ್ತು. ನನ್ನ ವಾಕ್ಯ ಅದನ್ನು ಕಾಣದ ಹಾಗೆ ಪಕ್ಕದಿಂದ ಹರಿದುಹೋಗಿತ್ತು. ಕೊನೆಗೆ ಉಳಿದದ್ದು ಸಪ್ಪೆಯಾದರೂ ಸತ್ಯವಾದ ಮಾತು: ಹೊಸದಕ್ಕೆ ಒಪ್ಪಿಗೆ ಬೇಕಿತ್ತು, ಬಳಕೆಯಲ್ಲಿರುವುದನ್ನು ದುರಸ್ತಿಯಲ್ಲಿಟ್ಟುಕೊಳ್ಳಲು ಬೇಕಿರಲಿಲ್ಲ, ಆದರೆ ದುರಸ್ತಿಯಲ್ಲಿಡಬೇಕಾದವರು ಯಾರು ಎಂಬ ಮೊದಲ ಭಾಗದ ಪ್ರಶ್ನೆ ಇನ್ನೂ ಹಾಗೇ ಇತ್ತು, 1911ರ ಕಾನೂನು ಕೊಡಲು ಹೊರಟದ್ದು ಅದಕ್ಕೊಂದು ಉತ್ತರವನ್ನು. 'ಆದ್ದರಿಂದ' ಹೋಗಿ 'ಆದರೆ' ಬಂತು. ಇಡೀ ಅಧ್ಯಾಯದಲ್ಲಿ ನಾನು ಮಾಡಿದ ಅತಿದೊಡ್ಡ ಸಂಶೋಧನೆ ಬಹುಶಃ ಇದೇ.

ಕೊಂಡಿಗಳು ಕೂತವು ಎಂದು ಹೊಸ ಕರಡನ್ನು ಡಿಟಿಪಿ ಅಂಗಡಿಗೆ ಕೊಟ್ಟೆ. ಮಾರನೆಯ ದಿನ ಹುಡುಗ ಫೋನ್ ಮಾಡಿದ. "ಸಾರ್, ಒಂದು ಡೌಟು. ನೀರಗಂಟಿ, ನೀರುಗಂಟಿ, ನೀರು ಹಂಚುವವ, ಜಲಪಾಲಕ, ಈ ನಾಲ್ಕು ಜನದಲ್ಲಿ ಕಾಳು ಯಾರಿಗೆ ಕೊಡ್ತಿದ್ರು?"

ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದು ಎಂದು ಹೈಸ್ಕೂಲಿನಲ್ಲಿ ಮೇಷ್ಟರು ಕಲಿಸಿದ್ದನ್ನು ಶ್ರದ್ಧೆಯಿಂದ ಪಾಲಿಸಿದ್ದೆ. 'ಜಲಪಾಲಕ'ನಂತೂ ಇತಿಹಾಸದಲ್ಲಿ ಎಲ್ಲೂ ಇಲ್ಲ, ನಾನೇ ಹುಟ್ಟಿಸಿ ಕೆಲಸಕ್ಕಿಟ್ಟುಕೊಂಡವನು. ಕಥೆ ಕವಿತೆಯಲ್ಲಿ ಇದು ಶೋಭೆಯಿರಬಹುದು. ವಾದದಲ್ಲಿ ಮಾತ್ರ, ಒಂದು ಭಾಗದಿಂದ ಇನ್ನೊಂದಕ್ಕೆ ಓದುಗ ಹಿಡಿದುಕೊಂಡು ಹೋಗುವುದು ಆ ಒಂದು ಹೆಸರನ್ನೇ. ಎರಡನೆಯ ಭಾಗದಲ್ಲಿ ನೀರಗಂಟಿಯಾಗಿದ್ದವನು ಆರನೆಯ ಭಾಗದಲ್ಲಿ ಜಲಪಾಲಕನಾಗಿ ಬಂದರೆ, ಹೊಸಬ ಯಾರೋ ಬಂದ ಎಂದು ಓದುಗ ಮತ್ತೆ ಮೊದಲಿನಿಂದ ಪರಿಚಯ ಮಾಡಿಕೊಳ್ಳುತ್ತಾನೆ. ನಾಲ್ವರಲ್ಲಿ ಮೂವರನ್ನು ಕೆಲಸದಿಂದ ತೆಗೆದೆ.

ತೆಗೆಯುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. 'ಜಲಪಾಲಕ' ಎಂದು ಹುಡುಕಿದರೆ ಕಂಪ್ಯೂಟರು ಕೆಲವನ್ನು ಹಿಡಿದುಕೊಟ್ಟಿತು, ಕೆಲವು ಕಣ್ಣೆದುರಿಗೇ ಇದ್ದರೂ "ಸಿಗಲಿಲ್ಲ" ಎಂದಿತು. ಕಾರಣ ಹುಡುಗ ಹೇಳಿದ. ನನ್ನ ಹಳೆಯ ಸಂಕಿರಣ ಲೇಖನಗಳು ನುಡಿಯ ಹಳೆಯ ಅಕ್ಷರಶೈಲಿಯಲ್ಲಿದ್ದವು, ಹೊಸದಾಗಿ ಸೇರಿಸಿದ್ದು ಯೂನಿಕೋಡ್‌ನಲ್ಲಿತ್ತು. ಹಳೆಯದರಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಅದು ಸಿಗುವುದೇ ಇಲ್ಲ. ಒಂದೇ ಅಧ್ಯಾಯದಲ್ಲಿ ಎರಡು ಕನ್ನಡ, ಒಂದಕ್ಕೆ ಇನ್ನೊಂದರ ಗುರುತಿಲ್ಲ. ವಾದ ಜೋಡಿಸಿಕೊಳ್ಳಲಿಲ್ಲ ಎಂದು ನನ್ನನ್ನೇ ಬಯ್ದುಕೊಂಡಿದ್ದೆನಲ್ಲ, ಅಕ್ಷರಗಳೂ ಜೋಡಿಸಿಕೊಂಡಿರಲಿಲ್ಲ.

ಇದರ ಪೂರ್ತಿ ಬೆಲೆ ತೆತ್ತದ್ದು ಪ್ರಬಂಧ ಸಲ್ಲಿಸುವ ಮೊದಲು ವಿಭಾಗದಲ್ಲಿ ನಡೆದ ಮಂಡನೆಯಲ್ಲಿ. ಹಿರಿಯ ಪ್ರಾಧ್ಯಾಪಕರೊಬ್ಬರು ಕರಡಿನ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ಇಲ್ಲಿ 'ಮೇಲೆ ವಿವರಿಸಿದಂತೆ ಬರಗಾಲದ ನಂತರ' ಅಂತಿದೆ. ಮೇಲೆ ಎಲ್ಲಿ ವಿವರಿಸಿದೀರಿ?"

ಅದು ಇಲಾಖೆಯ ಭಾಗ. ನಾಲ್ಕನೆಯದಾಗಿದ್ದಾಗ ಬರಗಾಲ ಅದರ ಮೇಲೆಯೇ ಇತ್ತು. ಮೂರನೆಯದಾದ ಮೇಲೆ ಬರಗಾಲ ಕೆಳಕ್ಕೆ ಹೋಗಿತ್ತು, 'ಮೇಲೆ' ಮಾತ್ರ ಇದ್ದಲ್ಲೇ ಉಳಿದಿತ್ತು. ಅವರು ಪುಟ ತಿರುಗಿಸುತ್ತ ಹೋದರು. "ಕಣದ ಲೆಕ್ಕವನ್ನು ಮುಂದೆ ನೋಡಲಿದ್ದೇವೆ" ಎಂದಿದ್ದ ಲೆಕ್ಕ ಹಿಂದೆಯೇ ಮುಗಿದಿತ್ತು. "ಈಗಾಗಲೇ ಪ್ರಸ್ತಾಪಿಸಿದ ಸ್ಯಾಂಕಿ" ಮೊದಲ ಸಲ ಬಂದಾಗಲೇ ಈಗಾಗಲೇ ಪ್ರಸ್ತಾಪವಾಗಿದ್ದರು, ಅವರು ಯಾರು ಎಂಬ ವಿವರಣೆ ಮೂರು ಪುಟ ಆದಮೇಲೆ ಬರುತ್ತಿತ್ತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ನಾನು ಇವನ್ನೆಲ್ಲ ಹುಡುಕಿ ಸರಿಪಡಿಸಿದ್ದೆ, ಆದರೆ ಯೂನಿಕೋಡ್‌ನಲ್ಲಿ ಇದ್ದವನ್ನು ಮಾತ್ರ.

ಅಧ್ಯಾಯದ ಭಾಗಗಳನ್ನು ಹಿಂದೆ ಮುಂದೆ ಮಾಡಿ ಸಲ್ಲಿಸಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಬೈಂಡಿಂಗಿಗೆ ಕೊಡುವ ಮೊದಲು ಇಡೀ ಕಡತವನ್ನು ಯೂನಿಕೋಡ್‌ಗೆ ಬದಲಾಯಿಸಿಕೊಂಡು 'ಮೇಲೆ', 'ಹಿಂದೆ', 'ಮುಂದೆ', 'ಈಗಾಗಲೇ' ಎಂಬ ನಾಲ್ಕು ಪದಗಳನ್ನು ಒಂದೊಂದಾಗಿ ಹುಡುಕಿ, ಅವು ತೋರಿಸುವ ಕಡೆ ಹೇಳಿದ ಮಾತು ಇದೆಯೇ ಎಂದು ನೋಡಿ. 'ಮೇಲೆ' ಎಂಬಲ್ಲಿ ಭಾಗದ ಸಂಖ್ಯೆಯನ್ನೇ ಹಾಕುವುದಾದರೆ ಅದನ್ನು ಕೊನೆಯ ದಿನ ಹಾಕಿ.